ಉಳಿದ ಹದಿನೈದು ತಿಂಗಳ ಲೆಕ್ಕ

ಪೋಸ್ಟ್ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

"ಎರಡು ವರ್ಷದ ಕಾಂಟ್ರಾಕ್ಟ್ ಇತ್ತಕ್ಕ, ಎಂಟೇ ತಿಂಗಳಿಗೆ ತೆಗೆದುಬಿಟ್ರು. ಉಳಿದ ಹದಿನಾರು ತಿಂಗಳ ಸಂಬಳ ಪೂರ್ತಿ ಸಿಗುತ್ತಾ?" ಇಂಥ ಪ್ರಶ್ನೆ ನನಗೆ ತಿಂಗಳಿಗೆ ಒಂದಾದರೂ ಬರುತ್ತೆ. ಕೇಳೋರಲ್ಲಿ ಹೆಚ್ಚಿನವರು ನಮ್ಮ ಕೇರಿಗಳಿಂದ ಓದಿ ಬಂದು ಪ್ರಾಜೆಕ್ಟುಗಳಲ್ಲಿ, ಖಾಸಗಿ ಕಾಲೇಜುಗಳಲ್ಲಿ ದುಡಿಯೋ ಹುಡುಗ ಹುಡುಗಿಯರು. ಅವರಿಗೆ ಕೆಲವರು "ಪೂರ್ತಿ ಸಿಗುತ್ತೆ, ಕೇಸ್ ಹಾಕು" ಅಂತ ಹುರಿದುಂಬಿಸಿರ್ತಾರೆ. ಇನ್ನು ಕೆಲವರು "ಕಾಂಟ್ರಾಕ್ಟ್ ಅಂದ್ಮೇಲೆ ಏನೂ ಸಿಗಲ್ಲ, ಸುಮ್ನಿರು" ಅಂದಿರ್ತಾರೆ. ಎರಡೂ ಸರಿಯಲ್ಲ. ಸಿಗುವ ಮೊತ್ತ ಒಂದೇ ತಿಂಗಳ ಸಂಬಳವೂ ಆಗಬಹುದು, ಹದಿನೈದು ತಿಂಗಳದ್ದೂ ಆಗಬಹುದು. ಯಾವುದು ಅನ್ನೋದನ್ನ ನಿಮ್ಮ ಕರಾರು ಪತ್ರದ ಒಂದು ಕಲಮು, ಮತ್ತೆ ಕೆಲಸ ಹೋದ ಮೇಲಿನ ನಿಮ್ಮ ತಿಂಗಳುಗಳು ತೀರ್ಮಾನ ಮಾಡುತ್ತವೆ. ಇದನ್ನ ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನದೇ ಕೇಸಿನಲ್ಲಿ, ಕೋರ್ಟಿನ ಬೆಂಚಿನ ಮೇಲೆ ಕೂತು ಕಲಿತದ್ದು.

ಸಂಸ್ಥೆಯ ಹೆಸರು ಬರೆಯಲ್ಲ. ಅಲ್ಲಿ ನಾನು ತಾಲೂಕು ಸಂಯೋಜಕಿ. ಕರಾರು 1 ಜುಲೈ 2016ರಿಂದ 30 ಜೂನ್ 2018ರವರೆಗೆ, ಒಟ್ಟು 24 ತಿಂಗಳು. ಸಂಬಳ ತಿಂಗಳಿಗೆ 22,000. ಸಂಸ್ಥೆಯ ಪಾಲಿನ ಪಿಎಫ್ 1,800. ಓಡಾಟದ ಖರ್ಚು ಬಿಲ್ ಕೊಟ್ಟರೆ 2,500ರವರೆಗೆ. ಒಂದು ಸಭೆಯಲ್ಲಿ, ಕುಡಿಯೋ ನೀರಿನ ಕೆಲಸದ ಪಟ್ಟಿಯಲ್ಲಿ ನಮ್ಮ ಮೂರು ಕೇರಿಗಳು ಯಾಕಿಲ್ಲ ಅಂತ ಕೇಳಿದೆ. ಹನ್ನೆರಡು ದಿನಕ್ಕೆ ಪತ್ರ ಬಂತು: "ನಿಮ್ಮ ನಡವಳಿಕೆ ಸಂಸ್ಥೆಯ ವಾತಾವರಣಕ್ಕೆ ಹೊಂದುತ್ತಿಲ್ಲವಾದ್ದರಿಂದ 31 ಮಾರ್ಚ್ 2017ರಿಂದ ನಿಮ್ಮ ಸೇವೆ ಅಗತ್ಯವಿಲ್ಲ." ವಿಚಾರಣೆ ಇಲ್ಲ, ನೋಟಿಸ್ ಇಲ್ಲ. ಒಂಬತ್ತು ತಿಂಗಳು ಮುಗಿದಿತ್ತು, ಹದಿನೈದು ಬಾಕಿ.

ಮೊದಲು ನನ್ನ ತಲೆಯಲ್ಲಿದ್ದದ್ದು ಒಂದೇ: ಅದೇ ಕುರ್ಚಿಗೆ ವಾಪಸ್ ಹೋಗಿ ಕೂರಬೇಕು. ತಾಲೂಕು ಕಾನೂನು ಸೇವಾ ಸಮಿತಿಯಿಂದ ಸಿಕ್ಕ ವಕೀಲರು (ವಯಸ್ಸಾದವರು, ನಾನು ಸರ್ ಅಂತಿದ್ದೆ, ಅವರು ನನ್ನನ್ನ ಅಮ್ಮಾ ಅಂತಿದ್ರು) ಅದನ್ನ ಮೊದಲ ದಿನವೇ ಕೈಬಿಡಿಸಿದರು. "ನೋಡಮ್ಮಾ, ಖಾಸಗಿ ನೌಕರಿಯ ಕರಾರನ್ನ ಸಿವಿಲ್ ಕೋರ್ಟು ಬಲವಂತದಿಂದ ನಡೆಸಲ್ಲ. ಇಷ್ಟವಿಲ್ಲದ ಇಬ್ಬರನ್ನ ಒಂದೇ ಆಫೀಸಲ್ಲಿ ಕೂರಿಸಲ್ಲ. ಮುರಿದದ್ದಕ್ಕೆ ದುಡ್ಡು ಕೊಡಿಸುತ್ತೆ, ಅಷ್ಟೇ." 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಮಿನ ಸಾರ ಅದೇ. ವಾಪಸ್ ಕೆಲಸ ಸಿಗೋದು ಮೂರು ಥರದವರಿಗೆ: ಸಂವಿಧಾನದ 311ನೇ ವಿಧಿಯ ರಕ್ಷಣೆ ಇರುವ ಸರ್ಕಾರಿ ನೌಕರರು, ಕಾರ್ಮಿಕ ಕಾನೂನಿನ ಪ್ರಕಾರ 'ಕಾರ್ಮಿಕ' ಅನ್ನಿಸಿಕೊಳ್ಳೋರು, ಮತ್ತೆ ಶಾಸನದಿಂದಲೇ ಹುಟ್ಟಿದ ಸಂಸ್ಥೆ ಆ ಶಾಸನವನ್ನೇ ಮೀರಿ ತೆಗೆದುಹಾಕಿದವರು. 1976ರಲ್ಲಿ ವೈಶ್ ಡಿಗ್ರಿ ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮೂರನ್ನ ಸ್ಪಷ್ಟವಾಗಿ ಹೇಳಿತ್ತು. ನಾನು ಆರು ಜನ ಕ್ಷೇತ್ರ ಕಾರ್ಯಕರ್ತರ ಮೇಲ್ವಿಚಾರಣೆ ಮಾಡ್ತಿದ್ದೆ, ಸಂಬಳ ಆಗಿನ ಮಿತಿ 10,000ಕ್ಕಿಂತ ಜಾಸ್ತಿ. ಹಾಗಾಗಿ ಕಾರ್ಮಿಕ ಅನ್ನೋ ಬಾಗಿಲೂ ನನಗೆ ಮುಚ್ಚಿತ್ತು. (ಈಗ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮೇಲ್ವಿಚಾರಕರ ಆ ಮಿತಿ 18,000. ನೀವು ಅದರೊಳಗೆ ಬರ್ತೀರಾದರೆ ಸಿವಿಲ್ ಕೋರ್ಟಿಗೆ ಓಡಬೇಡಿ, ಮೊದಲು ಕಾರ್ಮಿಕ ಇಲಾಖೆಗೆ ಹೋಗಿ.)

ಉಳಿದದ್ದು ನಷ್ಟ ಪರಿಹಾರದ ದಾವೆ. 1872ರ ಕರಾರು ಕಾಯ್ದೆಯ 73ನೇ ಕಲಮು. ಅದರ ತತ್ವ ಕೇಳೋಕೆ ಸರಳ: ಕರಾರು ಮುರಿಯದೇ ನಡೆದಿದ್ದರೆ ನೀನು ಯಾವ ಸ್ಥಿತಿಯಲ್ಲಿ ಇರುತ್ತಿದ್ದೆಯೋ, ದುಡ್ಡಿನ ಮಟ್ಟಿಗೆ ಅಲ್ಲಿಗೆ ತಂದು ನಿಲ್ಲಿಸೋದು. ಅವರಿಗೆ ಶಿಕ್ಷೆ ಕೊಡೋದು ಅದರ ಕೆಲಸ ಅಲ್ಲ. ಇದನ್ನ ಅರಗಿಸಿಕೊಳ್ಳೋಕೆ ನನಗೆ ಬಹಳ ದಿನ ಹಿಡೀತು.

ವಕೀಲರು ನನ್ನ ಕರಾರಿನ ಮೊದಲ ಪುಟ ನೋಡಲೇ ಇಲ್ಲ. ಸೀದಾ ಹಿಂದಿನ ಪುಟಗಳಿಗೆ ಹೋಗಿ ಒಂದು ಕಲಮು ಹುಡುಕಿದರು. "ಅವಧಿಗೆ ಮುಂಚೆ ಬಿಡಿಸೋ ಹಕ್ಕು ಇಟ್ಟುಕೊಂಡಿದ್ದಾರಾ? ಅದು ಇದ್ದರೆ ನಿನ್ನ ಇಪ್ಪತ್ನಾಲ್ಕು ತಿಂಗಳು ಬರೀ ಅಲಂಕಾರ." ಯಾಕೆ ಅಂದರೆ, ಕರಾರು ನಡೆದಿದ್ದರೆ ಏನಾಗ್ತಿತ್ತು ಅಂತ ಲೆಕ್ಕ ಹಾಕುವಾಗ, ಮಾಲೀಕ ತನಗೆ ಕಡಿಮೆ ಹೊರೆಯಾಗುವ ಕಾನೂನುಬದ್ಧ ದಾರಿಯನ್ನೇ ಹಿಡೀತಿದ್ದ ಅಂತ ಕೋರ್ಟು ಊಹಿಸುತ್ತೆ. ಒಂದು ತಿಂಗಳ ನೋಟಿಸ್ ಕೊಟ್ಟು ಕಳಿಸೋ ಹಕ್ಕು ಅವನಿಗಿದ್ದರೆ, ನೀವು ಕಳಕೊಂಡದ್ದು ಆ ಒಂದು ತಿಂಗಳು ಮಾತ್ರ. ಎಸ್.ಎಸ್. ಶೆಟ್ಟಿ ಮತ್ತು ಭಾರತ್ ನಿಧಿ ನಡುವಿನ ಹಳೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಸೂತ್ರವನ್ನ ಬಿಡಿಸಿ ಹೇಳಿದೆ. 1958ರ ಕಾನೂನು ವರದಿಗಳಲ್ಲಿ ಅದು ಸಿಗುತ್ತೆ. ಇವತ್ತಿಗೂ ಎದುರು ಪಕ್ಷದ ವಕೀಲರು ಅದನ್ನ ಹಿಡಿದುಕೊಂಡೇ ಬರ್ತಾರೆ.

ನನ್ನ ಕರಾರಿನಲ್ಲಿ ನೋಟಿಸ್ ಕಲಮು ಇತ್ತು. ಆದರೆ ಅದರ ಭಾಷೆ ಹೀಗಿತ್ತು: "ದಾನಿ ಸಂಸ್ಥೆಯು ಯೋಜನೆಯನ್ನು ಸ್ಥಗಿತಗೊಳಿಸಿದಲ್ಲಿ, ಮೂವತ್ತು ದಿನಗಳ ನೋಟಿಸ್ ನೀಡಿ ಈ ಕರಾರನ್ನು ಕೊನೆಗೊಳಿಸಬಹುದು." ಆ ಮೊದಲ ಭಾಗವೇ ನನ್ನನ್ನ ಉಳಿಸಿದ್ದು. ಯೋಜನೆ ನಿಂತಿರಲಿಲ್ಲ. ನನ್ನನ್ನ ತೆಗೆದ ಮುಂದಿನ ವಾರವೇ ಅದೇ ತಾಲೂಕಿಗೆ, ಅದೇ ಹುದ್ದೆಗೆ ಅರ್ಜಿ ಕರೆದಿದ್ದರು. ಸಂಸ್ಥೆ ಆಫೀಸಿನ ನೋಟಿಸ್ ಬೋರ್ಡಿಗೆ ಹಚ್ಚಿದ್ದ ಆ ಹಾಳೆಯನ್ನ ನನ್ನ ಹಳೇ ಸಹೋದ್ಯೋಗಿ ಒಬ್ಬಳು ಫೋಟೊ ತೆಗೆದು ಕಳಿಸಿದಳು. ದಾವೆಯಲ್ಲಿ ಅದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದು ಇರಲಿಲ್ಲ. ಯೋಜನೆ ನಡೀತಿದೆ, ಹುದ್ದೆಯೂ ಇದೆ ಅಂದಮೇಲೆ ಮೂವತ್ತು ದಿನದ ಕಲಮು ಅವರ ಕೈಗೆ ಸಿಗಲ್ಲ. ಬೇರೆ ಯಾವ ದಾರಿಯಲ್ಲೂ ನನ್ನನ್ನ 30 ಜೂನ್ 2018ಕ್ಕೆ ಮುಂಚೆ ಕಳಿಸೋ ಹಕ್ಕು ಅವರಿಗಿರಲಿಲ್ಲ, ನನ್ನ ತಪ್ಪನ್ನ ಸಾಬೀತು ಮಾಡೋದು ಬಿಟ್ಟು. ತಪ್ಪು ಸಾಬೀತಾಗಿದ್ದರೆ ಪರಿಹಾರ ಸೊನ್ನೆ. ಪಾಟೀಸವಾಲಿನಲ್ಲಿ ಅವರ ಸಾಕ್ಷಿಗೆ ನಮ್ಮ ವಕೀಲರು ಕೇಳಿದ್ದು ಎರಡೇ ಪ್ರಶ್ನೆ: ಯಾವ ತಾರೀಕು, ಯಾವ ನಡವಳಿಕೆ? ಆಯಪ್ಪ ಒಂದು ತಾರೀಕನ್ನೂ ಹೇಳಲಿಲ್ಲ.

ಪಕ್ಕದ ತಾಲೂಕಿನ ನನ್ನ ಜೊತೆಗಾರನ ಕಥೆ ಇಲ್ಲೇ ಹೇಳಿಬಿಡ್ತೀನಿ. ಅವನನ್ನೂ ನನ್ನ ಜೊತೆಗೇ ತೆಗೆದರು. ಅದೇ ಸಂಬಳ, ಅವನಿಗೂ ಹದಿನೈದು ತಿಂಗಳೇ ಬಾಕಿ. ಆದರೆ ಅವನ ಪತ್ರ ಬೇರೆ ನಮೂನೆಯದು: "ಉಭಯತ್ರರಲ್ಲಿ ಯಾರಾದರೂ ಕಾರಣ ನೀಡದೆ ಮೂವತ್ತು ದಿನಗಳ ನೋಟಿಸ್ ಅಥವಾ ಅದರ ಬದಲಿಗೆ ಒಂದು ತಿಂಗಳ ಸಂಬಳ ನೀಡಿ ಕರಾರನ್ನು ಮುಗಿಸಬಹುದು." ಅವನಿಗೆ ಸಿಕ್ಕಿದ್ದು 22,000 ಮತ್ತು ಪಿಎಫಿನ 1,800, ಒಟ್ಟು 23,800. ಇಬ್ಬರಿಗೂ ಆದ ಅನ್ಯಾಯ ಒಂದೇ, ಹಿಂದಿನ ಪುಟದ ಎರಡು ಸಾಲು ಮಾತ್ರ ಬೇರೆ. ಅವನು ಆ ಪತ್ರಕ್ಕೆ ಸಹಿ ಹಾಕುವಾಗ ಬೇರೆ ಆಯ್ಕೆ ಏನಿತ್ತು ಅಂತ ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರೋದು ಈ ಜಾಗದಲ್ಲೇ.

ಈಗ ನನ್ನ ಲೆಕ್ಕಕ್ಕೆ ಬರೋಣ. ಮೊದಲು ಕೂಡೋ ಲೆಕ್ಕ. ಹದಿನೈದು ತಿಂಗಳಿಗೆ 22,000ದಂತೆ 3,30,000. ಸಂಸ್ಥೆಯ ಪಾಲಿನ ಪಿಎಫ್ 1,800ರಂತೆ 27,000. ಒಟ್ಟು 3,57,000. ಪಿಎಫನ್ನ ಬಹಳ ಜನ ಬಿಟ್ಟುಬಿಡ್ತಾರೆ. ಕೈಗೆ ಬರೋ ಸಂಬಳದ ಸ್ಲಿಪ್ಪಿನಲ್ಲಿ ಅದು ಕಾಣದೇ ಇರಬಹುದು, ಆದರೆ ಕರಾರು ನಡೆದಿದ್ದರೆ ಅದು ನಮ್ಮ ಖಾತೆಗೇ ಬೀಳ್ತಿತ್ತು, ಆದ್ದರಿಂದ ಅದೂ ನಷ್ಟವೇ. ಓಡಾಟದ 2,500ನ್ನ ಮಾತ್ರ ಸೇರಿಸಲಿಲ್ಲ. ಅದು ಬಸ್ಸಿಗೆ, ಪೆಟ್ರೋಲಿಗೆ ಖರ್ಚಾದ ಮೇಲೆ ವಾಪಸ್ ಬರೋ ದುಡ್ಡು. ಓಡಾಟವೇ ಇಲ್ಲದಿದ್ದಾಗ ಖರ್ಚೂ ಇಲ್ಲ, ನಷ್ಟವೂ ಇಲ್ಲ. ಬಿಲ್ ಕೇಳದೇ ಪ್ರತಿ ತಿಂಗಳು ಕೊಡೋ ಭತ್ಯೆ ಆಗಿದ್ದರೆ ಅದನ್ನೂ ಕೇಳಬಹುದಿತ್ತು. ಇನ್ನೊಂದು ಕಲಮು, ವರ್ಷ ತುಂಬಿದ ಮೇಲೆ "ಕಾರ್ಯಕ್ಷಮತೆ ಪರಿಶೀಲಿಸಿ ಶೇ 10ರವರೆಗೆ ಹೆಚ್ಚಿಸಬಹುದು" ಅಂತಿತ್ತು. ಅದನ್ನೂ ಕೈಬಿಟ್ಟೆವು. "ಹೆಚ್ಚಿಸಬಹುದು" ಅನ್ನೋದು ಅವರ ಮರ್ಜಿ, ನನ್ನ ಹಕ್ಕಲ್ಲ. "ಹೆಚ್ಚಿಸತಕ್ಕದ್ದು" ಅಂತ ಇದ್ದಿದ್ದರೆ ಎರಡನೇ ವರ್ಷದ ಹನ್ನೆರಡು ತಿಂಗಳಿಗೆ ಅದೂ ಸೇರ್ತಿತ್ತು.

ಆಮೇಲೆ ಕಳೆಯೋ ಲೆಕ್ಕ. ನಮ್ಮವರಿಗೆ ಕಹಿ ಅನ್ನಿಸೋ ಭಾಗ ಇದೇ. 73ನೇ ಕಲಮಿನ ಕೊನೆಗೆ ಒಂದು ವಿವರಣೆ ಇದೆ. ನಷ್ಟವನ್ನ ಅಂದಾಜು ಮಾಡುವಾಗ, ಆ ತೊಂದರೆಯನ್ನ ಸರಿಪಡಿಸಿಕೊಳ್ಳೋಕೆ ಇದ್ದ ದಾರಿಗಳನ್ನೂ ಲೆಕ್ಕಕ್ಕೆ ಹಿಡೀಬೇಕು ಅನ್ನೋದು ಅದರ ಅರ್ಥ. ನೌಕರಿಯ ವಿಷಯದಲ್ಲಿ ಅದು ಹೀಗಾಗುತ್ತೆ: ಕೆಲಸ ಹೋಯ್ತು ಅಂತ ಅವಧಿ ಮುಗಿಯೋವರೆಗೆ ಮನೇಲಿ ಕೂತು ಪೂರ್ತಿ ಸಂಬಳ ಕೇಳೋಹಾಗಿಲ್ಲ. ಬೇರೆ ಕೆಲಸಕ್ಕೆ ಪ್ರಾಮಾಣಿಕವಾಗಿ ಹುಡುಕಾಡಬೇಕು. ಸಿಕ್ಕರೆ ಅಲ್ಲಿ ದುಡಿದದ್ದು ಕಳೆದುಹೋಗುತ್ತೆ. ಸಿಗಬಹುದಾದ ತಕ್ಕ ಕೆಲಸವನ್ನ ಸುಮ್ನೆ ಬೇಡ ಅಂದಿದ್ದರೆ ಅದೂ ಕಳೆಯುತ್ತೆ. ನನಗೆ ಗೊತ್ತಿರೋ ಒಬ್ಬ ಹುಡುಗನಿಗೆ ಒಂದೇ ತಿಂಗಳಲ್ಲಿ ಮೊದಲಿಗಿಂತ ಜಾಸ್ತಿ ಸಂಬಳದ ಕೆಲಸ ಸಿಕ್ತು. ಅವನ ನಷ್ಟ ಅಲ್ಲಿಗೇ ನಿಂತಿತು. ಇನ್ನೂ ಒಂದು ವರ್ಷದ ಕರಾರು ಬಾಕಿ ಇದ್ದರೂ ಅವನು ಕೇಳಬಹುದಾದ್ದು ಆ ಒಂದು ತಿಂಗಳಿನದಕ್ಕಿಂತ ಹೆಚ್ಚಿರಲಿಲ್ಲ. ಮಾಲೀಕ ಪುಕ್ಕಟೆ ಪಾರಾದ ಅಂತ ಅವನಿಗೆ ಅನ್ನಿಸ್ತು. ಕಾನೂನಿನ ಕಣ್ಣಲ್ಲಿ ಅವನಿಗೆ ನಷ್ಟ ಉಳಿದಿರಲಿಲ್ಲ, ಅಷ್ಟೇ.

ನನಗೆ ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳು ಏನೂ ಸಿಗಲಿಲ್ಲ. ವಕೀಲರು ಮೊದಲ ದಿನವೇ ಒಂದು ನೂರು ಪುಟದ ನೋಟ್‌ಬುಕ್ ತಗೋ ಅಂದಿದ್ರು. ಎಲ್ಲಿ ಅರ್ಜಿ ಹಾಕಿದೆ, ಯಾವತ್ತು, ಯಾರನ್ನ ಕಂಡೆ, ಏನಂದ್ರು, ಎಲ್ಲಾ ಬರೀತಾ ಹೋದೆ. ಇಮೇಲ್ ಕಳಿಸಿದ್ದರ ಪ್ರಿಂಟ್, ಸಂದರ್ಶನಕ್ಕೆ ಹೋದ ಬಸ್ ಟಿಕೆಟ್ ಅಂಟಿಸಿಟ್ಟೆ. ನೌಕರ ಸರಿಯಾಗಿ ಹುಡುಕಲಿಲ್ಲ ಅಂತ ತೋರಿಸಬೇಕಾದ್ದು ಸಾಮಾನ್ಯವಾಗಿ ಮಾಲೀಕನ ಕಡೆಯವರೇ. ಆದರೂ ಪಾಟೀಸವಾಲಿನಲ್ಲಿ "ನೀವು ಎಲ್ಲೂ ಪ್ರಯತ್ನ ಮಾಡಿಲ್ಲ ಅಂದ್ರೆ ಸರೀನಾ?" ಅಂತ ಕೇಳಿಯೇ ಕೇಳ್ತಾರೆ. ಆ ನೋಟ್‌ಬುಕ್ ಎದುರಿಗಿಟ್ಟಾಗ ಆ ಪ್ರಶ್ನೆ ಅಲ್ಲೇ ನಿಂತುಹೋಯ್ತು.

ಆಗಸ್ಟ್ 2017ರಿಂದ ಒಂದು ಖಾಸಗಿ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಸಿಕ್ತು. 14,000 ಸಂಬಳ, ಪಿಎಫ್ ಇಲ್ಲ. ಜೂನ್ 2018ರವರೆಗೆ ಹನ್ನೊಂದು ತಿಂಗಳಿಗೆ 1,54,000. ಇದನ್ನ 3,57,000ದಲ್ಲಿ ಕಳೆದರೆ 2,03,000 ಉಳೀತು. ನಾವು ಸಂಬಳದ ಬಾಬ್ತು ಕೇಳಿದ್ದು ಅಷ್ಟೇ. ವಾರ್ಡನ್ ಸಂಬಳವನ್ನ ನಾವೇ ದಾವೆಯಲ್ಲಿ ಬರೆದೆವು. ಮುಚ್ಚಿಟ್ಟು ಆಮೇಲೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಿಕ್ಕಿಬಿದ್ದರೆ ಉಳಿದ ಮಾತನ್ನೂ ಜಡ್ಜ್ ನಂಬಲ್ಲ.

ಎದುರು ಪಕ್ಷ ಇನ್ನೂ ಮೂರು ಬಾಬ್ತು ಕಳೀಬೇಕು ಅಂತು. ಒಂದು, ನಾನು ಭಾನುವಾರ ಮಕ್ಕಳಿಗೆ ಟ್ಯೂಷನ್ ಹೇಳಿ ಗಳಿಸ್ತಿದ್ದ 1,500. ಆ ಟ್ಯೂಷನ್ ನಾನು ಅವರಲ್ಲಿ ಕೆಲಸದಲ್ಲಿದ್ದಾಗಲೂ ನಡೀತಿತ್ತು. ಕೆಲಸ ಹೋದದ್ದರಿಂದ ಹುಟ್ಟಿದ ಆದಾಯ ಅದಲ್ಲ, ಕೆಲಸ ಇದ್ದಿದ್ದರೂ ಬರ್ತಿತ್ತು. ಕೋರ್ಟು ಕಳೆಯಲಿಲ್ಲ. ಎರಡನೇದು, ಆ ನಾಲ್ಕು ತಿಂಗಳು ನನ್ನ ಅಣ್ಣ ಮನೆ ಖರ್ಚಿಗೆ ಕೊಟ್ಟ ದುಡ್ಡು. ಒಡಹುಟ್ಟಿದವನು ಕಷ್ಟಕ್ಕೆ ಆದದ್ದರ ಲಾಭ ಕರಾರು ಮುರಿದವರಿಗೆ ಯಾಕೆ ಹೋಗಬೇಕು? ಅದನ್ನೂ ಕಳೆಯಲಿಲ್ಲ.

ಮೂರನೇದು ನಿಜವಾದ ಜಗಳ. ನಮ್ಮ ಲೀಗಲ್ ನೋಟಿಸ್ ತಲುಪಿದ ಮೇಲೆ ಅವರು ಒಂದು ಪತ್ರ ಬರೆದಿದ್ದರು: ಕಚೇರಿಯಲ್ಲಿ ಸಹಾಯಕಿ ಹುದ್ದೆ ಖಾಲಿ ಇದೆ, 9,000 ಸಂಬಳ, ಬರಬಹುದು. ಕೆಲಸದ ಪಟ್ಟಿಯಲ್ಲಿ ಕಸ ಗುಡಿಸೋದು, ಟೀ ಕೊಡೋದು, ಶೌಚಾಲಯ ತೊಳೆಯೋದು ಇತ್ತು. ಎಂ.ಎಸ್.ಡಬ್ಲ್ಯೂ ಓದಿ ಒಂದು ತಾಲೂಕಿನ ಯೋಜನೆ ನಡೆಸ್ತಿದ್ದವಳಿಗೆ, ಅದೇ ಆಫೀಸಿನಲ್ಲಿ, ಅದೇ ಜನರ ಮುಂದೆ ಆ ಕೆಲಸ. ನಾನು ಹೋಗಲಿಲ್ಲ. "ಕೊಟ್ಟ ಕೆಲಸ ಬೇಡ ಅಂದಿದ್ದಾರೆ, ಆದ್ದರಿಂದ 9,000ದಂತೆ ಕಳೀಬೇಕು" ಅನ್ನೋದು ಅವರ ವಾದ. ಆದರೆ ನಷ್ಟ ಕಡಿಮೆ ಮಾಡಿಕೊಳ್ಳೋ ಜವಾಬ್ದಾರಿಗೆ ಒಂದು ಗಡಿ ಇದೆ. ವಿವೇಕ ಇರೋ ಮನುಷ್ಯ ಒಪ್ಪಿಕೊಳ್ಳಬಹುದಾದ, ತನ್ನ ಓದಿಗೆ, ಅನುಭವಕ್ಕೆ, ಸ್ಥಾನಕ್ಕೆ ತಕ್ಕ ಕೆಲಸವನ್ನ ಮಾತ್ರ ಬೇಡ ಅನ್ನಬಾರದು. ಹೊರಗೆ ಹಾಕಿದವರೇ ಕೆಳಗಿನ ಮೆಟ್ಟಿಲಿಗೆ ಕರೆದರೆ ಹೋಗಲೇಬೇಕು ಅಂತೇನಿಲ್ಲ. ಶೌಚಾಲಯ ತೊಳೆಯೋದು ಕೀಳು ಕೆಲಸ ಅಂತ ನಾನು ವಾದ ಮಾಡಲಿಲ್ಲ. ನಮ್ಮಮ್ಮ ಪೌರಕಾರ್ಮಿಕೆ, ಅವಳ ಸಂಬಳದಲ್ಲೇ ನಾನು ಓದಿದ್ದು. ಸಂಯೋಜಕಿ ಹುದ್ದೆ ಖಾಲಿ ಇಟ್ಟುಕೊಂಡು, ಅದಕ್ಕೆ ಬೇರೆಯವರನ್ನ ಕರೆದು, ನನಗೆ ಮಾತ್ರ ಪೊರಕೆ ತೋರಿಸಿದ್ದು ಯಾಕೆ ಅನ್ನೋದಷ್ಟೇ ನನ್ನ ಪ್ರಶ್ನೆ. ಜಡ್ಜ್ ಆ 9,000ವನ್ನ ಕಳೆಯಲಿಲ್ಲ. ನೋಟಿಸ್ ಬೋರ್ಡಿನ ಆ ಫೋಟೊ ಎರಡನೇ ಸಲ ಕೆಲಸಕ್ಕೆ ಬಂತು.

ಆದರೆ ಒಂದು ಬಾಬ್ತು ನಾನು ಸೋತೆ. ಮನನೋವಿಗೆ, ಅವಮಾನಕ್ಕೆ ಅಂತ ಒಂದು ಲಕ್ಷ ಕೇಳಿದ್ದೆ. ವಕೀಲರು ಬೇಡ ಅಂದಿದ್ದರು, ಸಿಗದಿದ್ದರೂ ದಾಖಲೆಯಲ್ಲಿ ಇರಲಿ ಅಂತ ಹಟ ಹಿಡಿದು ಬರೆಸಿದ್ದೆ. ಸಿಗಲಿಲ್ಲ. ನೌಕರಿಯಿಂದ ತೆಗೆದ ರೀತಿ ಎಷ್ಟೇ ಹೀನವಾಗಿರಲಿ, ಕರಾರಿನ ದಾವೆಯಲ್ಲಿ ಅದರ ನೋವಿಗೆ ದುಡ್ಡು ಇಲ್ಲ. ಅದರಿಂದ ಮುಂದಿನ ಕೆಲಸ ಸಿಗೋದು ಕಷ್ಟವಾಯಿತು ಅನ್ನೋದಕ್ಕೂ ಇಲ್ಲ. ಈ ನಿಯಮದ ಬೇರು ಎಲ್ಲಿದೆ ಗೊತ್ತಾ? ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಅಲ್ಲಿನ ಮ್ಯಾನೇಜರ್ ಆಡಿಸ್ ಅನ್ನೋ ಇಂಗ್ಲಿಷಿನವನಿಗೆ 1905ರಲ್ಲಿ ಆರು ತಿಂಗಳ ನೋಟಿಸ್ ಕೊಟ್ಟು, ಆ ಅವಧಿ ಮುಗಿಯೋ ಮುಂಚೆಯೇ ಅವನ ಜಾಗಕ್ಕೆ ಇನ್ನೊಬ್ಬನನ್ನ ತಂದು ಕೂರಿಸಿದರು. ಅವನು ಇಂಗ್ಲೆಂಡಿಗೆ ಹೋಗಿ ದಾವೆ ಹಾಕಿದ. 1909ರಲ್ಲಿ ಹೌಸ್ ಆಫ್ ಲಾರ್ಡ್ಸ್, ನೋಟಿಸ್ ಅವಧಿಯ ಸಂಬಳ ಮತ್ತು ಕಳಕೊಂಡ ಕಮಿಷನ್ ಕೊಡಬಹುದು, ಅವಮಾನ ಮಾಡಿ ಕಳಿಸಿದ್ದಕ್ಕೆ ಬೇರೆ ಪರಿಹಾರ ಇಲ್ಲ ಅಂತು. ಅದೇ ಮಾತು ಶೆಟ್ಟಿ ಪ್ರಕರಣದ ದಾರಿಯಲ್ಲಿ ನಮ್ಮ ದೇಶದ ಕಾನೂನಿಗೂ ಬಂತು. ಕಲ್ಕತ್ತೆಯ ಸಾಹೇಬನ ಅವಮಾನ ಅಳೆಯೋಕೆ ಮಾಡಿದ ಗಜಕಡ್ಡಿಯಲ್ಲೇ ನನ್ನದನ್ನೂ ಅಳೆದರು!

"ಹಾಗಾದ್ರೆ ಅಟ್ರಾಸಿಟಿ ಕೇಸ್ ಹಾಕಬಹುದಿತ್ತಲ್ಲ?" ಅಂತ ಕೇಳ್ತೀರಿ. ಅದು ಬೇರೆಯೇ ಹಳಿ. ಜಾತಿ ಹಿಡಿದು ಅವಮಾನ ಮಾಡಿದ್ದು 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(r) ಅಡಿ ಅಪರಾಧ ಆಗಬೇಕಾದರೆ, ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ನನಗೆ ಆ ಮಾತು ಹೇಳಿದ್ದು ಬಾಗಿಲು ಹಾಕಿದ ಕೋಣೆಯಲ್ಲಿ, ಇಬ್ಬರೇ ಇದ್ದಾಗ. ಸಾಕ್ಷಿ ಇದ್ದರೆ ಆ ದಾರಿಯನ್ನ ಖಂಡಿತ ಹಿಡೀರಿ. ಆದರೆ ಅಲ್ಲಿನ ಲೆಕ್ಕವನ್ನ ಸಂಬಳದ ದಾವೆಯೊಳಗೆ ತಂದು ಸೇರಿಸೋಕೆ ಆಗಲ್ಲ.

ದಾವೆ ಹಾಕಿದ್ದು ನವೆಂಬರ್ 2018ರಲ್ಲಿ. ಕರಾರು ಮುರಿದ ದಿನದಿಂದ ಮೂರು ವರ್ಷದೊಳಗೆ ಹಾಕಬೇಕು, ಆ ಗಡುವು ನನಗೆ 31 ಮಾರ್ಚ್ 2020ರವರೆಗೆ ಇತ್ತು. ಕರಾರಿನ ಅವಧಿ ಮುಗಿಯೋವರೆಗೆ ಕಾದದ್ದಕ್ಕೆ ಒಂದು ಕಾರಣ ಇತ್ತು. ಮುಂಚೆಯೇ ಹಾಕಿದರೂ ತಡೆಯಿಲ್ಲ, ಆದರೆ ಆಗ ಮುಂದಿನ ತಿಂಗಳುಗಳಲ್ಲಿ ನನಗೆ ಕೆಲಸ ಸಿಗಬಹುದಾ, ಎಷ್ಟಕ್ಕೆ ಅನ್ನೋದನ್ನ ಅಂದಾಜಿನ ಮೇಲೆ ವಾದಿಸಬೇಕಿತ್ತು. ಜೂನ್ 2018 ದಾಟಿದ ಮೇಲೆ ಅಂದಾಜು ಉಳಿಯಲಿಲ್ಲ, ನೋಟ್‌ಬುಕ್ ಮತ್ತು ಪಾಸ್‌ಬುಕ್ ಎರಡೇ ಸಾಕಾದವು. ಕೋರ್ಟ್ ಫೀ ಬಗ್ಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲಾ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲೂಕು ಕೋರ್ಟಿನ ಆವರಣದಲ್ಲೇ ಆ ಸಮಿತಿ ಇರುತ್ತೆ. ಜಾತಿ ಪ್ರಮಾಣಪತ್ರದ ಜೆರಾಕ್ಸ್ ತಗೊಂಡು ಹೋಗಿ ಅರ್ಜಿ ಕೊಡಿ.

ಡಿಕ್ರಿ ಆದದ್ದು 2,03,000ಕ್ಕೆ, ಜೊತೆಗೆ ದಾವೆಯ ತಾರೀಕಿನಿಂದ ಶೇ 6ರ ಬಡ್ಡಿ. ಡಿಕ್ರಿ ಆದ ಮೇಲೂ ಅವರು ಕೊಡಲಿಲ್ಲ. ಅಮಲ್ಜಾರಿ ಅರ್ಜಿ ಹಾಕಿ, ಅವರ ಬ್ಯಾಂಕ್ ಖಾತೆ ಜಪ್ತಿಗೆ ಕೇಳಿದ ಮೇಲೆ ಎರಡು ಕಂತಿನಲ್ಲಿ ಬಂತು.

ಪ್ರಶ್ನೆ ಇರೋರು ಕರಾರಿನ ಕೊನೆಯ ಎರಡು ಪುಟದ ಫೋಟೊ ಇನ್‌ಬಾಕ್ಸಿಗೆ ಕಳಿಸಿ. ನಿಮ್ಮ ಹೆಸರು, ಸಂಸ್ಥೆ ಹೆಸರು ಮುಚ್ಚಿ ಕಳಿಸಿ. ತೆಗೆದುಹಾಕಿದ ತಾರೀಕು, ಕರಾರು ಮುಗಿಯಬೇಕಿದ್ದ ತಾರೀಕು ಎರಡನ್ನೂ ಬರೀರಿ. ರಾತ್ರಿ ಎಂಟರ ಮೇಲೆ ನೋಡ್ತೀನಿ.